ಒಂದೇ ಪ್ಯಾರಾದ ಭಾಷಣ ವೇದಿಕೆಯಲ್ಲಿ ಕೈಕೊಟ್ಟಾಗ: ಸೂಚನಾ ಹಾಳೆಗೆ ಇಳಿಸುವ ದೋಷ ನಿವಾರಣೆ ಕೈಪಿಡಿ

ಬರೆದಾಗ ಚೆನ್ನಾಗಿದ್ದ ಭಾಷಣ ಮೈಕಿನ ಮುಂದೆ ಕೆಟ್ಟುಹೋದರೆ ನಾವು ಸಾಮಾನ್ಯವಾಗಿ ಭಾಷಣಕಾರರ ಅಳುಕನ್ನೋ ಅಭ್ಯಾಸದ ಕೊರತೆಯನ್ನೋ ದೂರುತ್ತೇವೆ. ನಾನು ನೋಡಿದ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿದ್ದದ್ದು ಕೈಯಲ್ಲಿದ್ದ ಹಾಳೆಯಲ್ಲಿ. ಒಂದೂವರೆ ಪುಟ ಉದ್ದಕ್ಕೆ ಎಲ್ಲಿಯೂ ಮುರಿಯದೆ ಸಾಗುವ ಒಂದೇ ಪ್ಯಾರಾ ಕಣ್ಣಿನಲ್ಲಿ ಓದುವವರಿಗೆ ಒಗ್ಗುತ್ತದೆ. ನಿಂತು, ತಲೆಯೆತ್ತಿ, ಉಸಿರು ತೆಗೆದುಕೊಳ್ಳುತ್ತ ಮಾತನಾಡುವವರಿಗೆ ಅದು ಒಗ್ಗುವುದಿಲ್ಲ. ಅಂತಹ ಪ್ಯಾರಾವನ್ನು ಸಮಯ ಮತ್ತು ವಿರಾಮಗಳನ್ನು ಗುರುತಿಸಿದ ಸೂಚನಾ ಹಾಳೆಯಾಗಿ ಮರುಜೋಡಿಸುವಾಗ ಕಾಣಿಸುವ ಲಕ್ಷಣಗಳನ್ನು, ಖರ್ಚಿಲ್ಲದ ಸುಲಭ ಪರೀಕ್ಷೆಯಿಂದ ಆರಂಭಿಸಿ ಇಲ್ಲಿ ಒಂದೊಂದಾಗಿ ನೋಡೋಣ.

ಉದಾಹರಣೆಗೆ ಒಂದೇ ಭಾಷಣವನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ. ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯವರು ಕನ್ನಡ ರಾಜ್ಯೋತ್ಸವಕ್ಕೆಂದು ಬರೆದುಕೊಂಡಿದ್ದ ಭಾಷಣ ಅದು. ಕೊಟ್ಟ ಸಮಯ 5 ನಿಮಿಷ. ಬರೆದದ್ದು 468 ಪದಗಳ ಒಂದು ಪ್ಯಾರಾ. "ಮನೆಯಲ್ಲಿ ಓದಿದಾಗ ಐದೇ ನಿಮಿಷಕ್ಕೆ ಮುಗಿಯಿತು ಸರ್, ಶಾಲೆಯ ಸಭಾಂಗಣದಲ್ಲಿ ಓದಿ ನೋಡಿದರೆ ಏಳಾಗುತ್ತಿದೆ" ಎಂಬುದು ಅವರ ದೂರು.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಎಚ್ಚರಿಕೆ. ಮೂಲ ಪ್ಯಾರಾವನ್ನು ಅಳಿಸಬೇಡಿ, ಅದರ ಮೇಲೆಯೇ ತಿದ್ದಬೇಡಿ. ಅದರ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು ಹೊಸ ಪ್ರತಿಯಲ್ಲಿ ಕತ್ತರಿ ಆಡಿಸಿ. ಪತ್ರಿಕೆಯವರು ಭಾಷಣದ ಪ್ರತಿ ಕೇಳಿದಾಗ ಕೊಡಬೇಕಾದದ್ದು ಆ ಮೂಲವೇ ಹೊರತು ವಿರಾಮ ಸೂಚಿಸುವ ಓರೆಗೆರೆಗಳಿಂದ ತುಂಬಿದ ಸೂಚನಾ ಹಾಳೆಯಲ್ಲ.

ಲಕ್ಷಣ 1: ಮನೆಯಲ್ಲಿ ಸರಿಯಾಗಿದ್ದ ಸಮಯ ವೇದಿಕೆಯಲ್ಲಿ ಮೀರುತ್ತದೆ

ಅರ್ಧ ಭಾಷಣ ಬಾಕಿಯಿರುವಾಗಲೇ ನಿರೂಪಕರಿಂದ ಚೀಟಿ ಬರುವುದು ಈ ದೋಷದ ನಿಚ್ಚಳ ಗುರುತು. ಮೊದಲ ಪರೀಕ್ಷೆಗೆ ಬೇಕಾಗುವುದು ಮೊಬೈಲಿನ ಸ್ಟಾಪ್‌ವಾಚ್ ಮಾತ್ರ. ಭಾಷಣದ ನಡುವಿನ ಯಾವುದಾದರೂ ಭಾಗವನ್ನು ನಿಂತುಕೊಂಡು, ಕೊನೆಯ ಸಾಲಿನಲ್ಲಿ ಕೂತವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಸರಿಯಾಗಿ ಒಂದು ನಿಮಿಷ ಓದಿ, ಎಷ್ಟು ಪದಗಳಾದವು ಎಂದು ಎಣಿಸಿ. ಮನಸ್ಸಿನಲ್ಲೇ ಓದಿದರೆ ಅಥವಾ ಕುಳಿತು ಗೊಣಗಿದರೆ ಬರುವ ಲೆಕ್ಕ ಯಾವಾಗಲೂ ಕಡಿಮೆ ಸಮಯವನ್ನೇ ತೋರಿಸುತ್ತದೆ. ಇಂಗ್ಲಿಷ್ ಭಾಷಣಗಳಿಗೆ ಹೇಳುವ ನಿಮಿಷಕ್ಕೆ ಇಷ್ಟು ಪದ ಎಂಬ ಅಂದಾಜನ್ನು ಕನ್ನಡಕ್ಕೆ ತರಲೇಬಾರದು. ನಮ್ಮಲ್ಲಿ ವಿಭಕ್ತಿಯೂ ಸಂಧಿಯೂ ಸೇರಿ ಒಂದೊಂದು ಪದವೇ ಉದ್ದವಾಗುತ್ತದೆ. 'ಆಡಳಿತದಡಿಯಲ್ಲಿದ್ದವರಿಗೂ' ಎಂಬುದು ಎಣಿಕೆಯಲ್ಲಿ ಒಂದು ಪದ, ಬಾಯಿಯಲ್ಲಿ ನಾಲ್ಕು ಪದದಷ್ಟು.

ಮುಖ್ಯೋಪಾಧ್ಯಾಯಿನಿಯವರು ನಿಮಿಷಕ್ಕೆ 78 ಪದ ಓದಿದರು. 468 ಪದಗಳಿಗೆ ಬರಿಯ ಓದೇ 6 ನಿಮಿಷವಾಯಿತು. ಅದರ ಮೇಲೆ ನಿಲ್ಲಬೇಕಾದಲ್ಲಿ ನಿಲ್ಲುವುದಕ್ಕೆ 40 ಸೆಕೆಂಡು, ಮೈಕಿನ ಬಳಿಗೆ ನಡೆದು ಬರುವುದಕ್ಕೂ ಚಪ್ಪಾಳೆಗೂ 20 ಸೆಕೆಂಡು ಸೇರಿಸಿದರೆ 7 ನಿಮಿಷ. ಅವರ ದೂರು ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡಿತು. ವೇಗವಾಗಿ ಓದಿ ಸರಿಪಡಿಸುವ ದೋಷ ಇದಲ್ಲವೆಂಬುದೂ ಗೊತ್ತಾಯಿತು.

ಎರಡನೆಯ ಪರೀಕ್ಷೆ ಸಂಬೋಧನೆಯದು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ ಎಂದು ಆರಂಭವಾಗಿ ಹೆಸರು, ಹುದ್ದೆ, ಬಿರುದುಗಳೊಂದಿಗೆ ಸಾಗುವ ಪಟ್ಟಿ ಈ ಭಾಷಣದಲ್ಲಿ 52 ಪದಗಳಿತ್ತು, ಅಂದರೆ 40 ಸೆಕೆಂಡು. ಸ್ವಾಗತ ಭಾಷಣದಲ್ಲಿ ಎಲ್ಲರ ಹೆಸರೂ ಬಂದಾಗಿರುತ್ತದೆ. ಆದ್ದರಿಂದ ಅಧ್ಯಕ್ಷರು ಮತ್ತು ಮುಖ್ಯ ಅತಿಥಿಗಳ ಹೆಸರನ್ನು ಉಳಿಸಿಕೊಂಡು ಉಳಿದವರನ್ನು 'ವೇದಿಕೆಯಲ್ಲಿರುವ ಎಲ್ಲ ಗಣ್ಯರೇ' ಎಂಬುದರಲ್ಲಿ ಸೇರಿಸಿದೆವು. ಪದಗಳು 26ಕ್ಕೆ ಇಳಿದು 20 ಸೆಕೆಂಡು ಉಳಿಯಿತು. ಯಾರ ಹೆಸರನ್ನು ಬಿಟ್ಟರೆ ಯಾರಿಗೆ ಬೇಸರವಾದೀತು ಎಂಬುದನ್ನು ಮಾತ್ರ ಕಾರ್ಯಕ್ರಮ ನಡೆಸುವವರನ್ನು ಕೇಳದೆ ತೀರ್ಮಾನಿಸಬೇಡಿ.

ಮೂರನೆಯದು ಸಂಖ್ಯೆಗಳ ಪರೀಕ್ಷೆ. ಹಾಳೆಯಲ್ಲಿ '1956ರ' ಎಂಬುದು ಒಂದು ಪದ. ಬಾಯಿಗೆ ಬಂದಾಗ ಅದು 'ಸಾವಿರದ ಒಂಬೈನೂರ ಐವತ್ತಾರರ' ಎಂಬ ಮೂರು ಪದ. ಇಸವಿ, ಮೊತ್ತ, ಶೇಕಡಾವಾರುಗಳಿಂದ ತುಂಬಿದ ಭಾಷಣದ ಪದಗಣನೆ ಹೀಗೆ ಮೋಸಮಾಡುತ್ತದೆ. ಸೂಚನಾ ಹಾಳೆಯಲ್ಲಿ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆದುಕೊಂಡೇ ಎಣಿಸಬೇಕು. ಓದುವಾಗ ತಡವರಿಸುವುದೂ ಅದರಿಂದ ತಪ್ಪುತ್ತದೆ.

ಇಷ್ಟಾದ ಮೇಲೂ ಸಮಯ ಮೀರುತ್ತಿದ್ದರೆ ವಿಷಯವನ್ನೇ ಕತ್ತರಿಸಬೇಕು. 300 ಸೆಕೆಂಡಿನಲ್ಲಿ ಸಂಬೋಧನೆಗೆ 20, ವಿರಾಮಗಳಿಗೆ 40, ಚಪ್ಪಾಳೆ ಮತ್ತು ಓಡಾಟಕ್ಕೆ 20 ಕಳೆದರೆ ವಿಷಯಕ್ಕೆ ಉಳಿಯುವುದು 220 ಸೆಕೆಂಡು. ಮುಖ್ಯೋಪಾಧ್ಯಾಯಿನಿಯವರ ವೇಗದಲ್ಲಿ ಅದು 286 ಪದ. ಇದ್ದದ್ದು 416, ಹೋಗಬೇಕಾದದ್ದು 130. ವಾಕ್ಯಕ್ಕೊಂದು ವಿಶೇಷಣದಂತೆ ಕಿತ್ತುಹಾಕುತ್ತ ಹೋದರೆ ಇಷ್ಟು ಪದ ಸಿಗುವುದಿಲ್ಲ, ಸಿಕ್ಕರೂ ಭಾಷಣ ಗುಳಿಬಿದ್ದ ರಸ್ತೆಯಂತಾಗುತ್ತದೆ. ಒಂದು ಇಡೀ ಸಂಗತಿಯನ್ನೇ ತೆಗೆಯುವುದು ಒಳ್ಳೆಯದು. ಇಲ್ಲಿ ಕನ್ನಡದ ಪ್ರಾಚೀನತೆಯನ್ನು ಕುರಿತು ಬರೆದಿದ್ದ ಭಾಗ ಹೊರಗೆ ಹೋಯಿತು. ಏಕೀಕರಣ, ಹೆಸರಿನ ಬದಲಾವಣೆ, ಶಾಲೆಯ ಗ್ರಂಥಾಲಯ ಎಂಬ ಮೂರು ಸಂಗತಿಗಳು ಉಳಿದವು.

ಲಕ್ಷಣ 2: ವಾಕ್ಯದ ನಡುವೆ ಉಸಿರು ಕಟ್ಟುತ್ತದೆ, ನಿಲ್ಲಬಾರದಲ್ಲಿ ನಿಲ್ಲುತ್ತೀರಿ

ಇದು ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ದೋಷ, ಏಕೆಂದರೆ ಇದರ ಬೇರು ಕನ್ನಡ ವಾಕ್ಯದ ಕಟ್ಟಡದಲ್ಲೇ ಇದೆ. ಮೂಲ ಪ್ಯಾರಾದ ಈ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ:

ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಹಾಗೂ ಮದ್ರಾಸು ಪ್ರಾಂತಗಳಲ್ಲಿ, ಹೈದರಾಬಾದು ಸಂಸ್ಥಾನದಲ್ಲಿ, ಮೈಸೂರು ಸಂಸ್ಥಾನದಲ್ಲಿ ಮತ್ತು ಕೊಡಗಿನಲ್ಲಿ ಹಂಚಿಹೋಗಿದ್ದ ಕನ್ನಡ ಮಾತನಾಡುವ ಪ್ರದೇಶಗಳು ಭಾಷಾವಾರು ಪ್ರಾಂತ ರಚನೆಯ ಫಲವಾಗಿ 1956ರ ನವೆಂಬರ್ 1ರಂದು ಒಂದೇ ಆಡಳಿತದಡಿ ಬಂದು ಮೈಸೂರು ರಾಜ್ಯವೆನಿಸಿ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರನ್ನು ಪಡೆದವು.

ಉಸಿರು ಮುಗಿಯುವುದು ಸಾಮಾನ್ಯವಾಗಿ 'ಹಂಚಿಹೋಗಿದ್ದ' ಎಂಬಲ್ಲಿ. ಅಲ್ಲಿ ನಿಂತರೆ ಕೇಳುಗರು 'ಏನು ಹಂಚಿಹೋಗಿತ್ತು?' ಎಂದು ಕಾಯುತ್ತಾರೆ, ಅಷ್ಟರಲ್ಲಿ ಐದೂ ಹೆಸರುಗಳನ್ನು ಮರೆತಿರುತ್ತಾರೆ. 'ಹಂಚಿಹೋಗಿದ್ದ', 'ಮಾತನಾಡುವ', 'ಕಟ್ಟಿದ' ಇಂತಹ ರೂಪಗಳು ಮುಂದಿನ ನಾಮಪದಕ್ಕೆ ಅಂಟಿಕೊಂಡಿರುತ್ತವೆ. ಅವೆರಡರ ನಡುವೆ ಓರೆಗೆರೆ ಎಂದೂ ಬೀಳಬಾರದು. 'ಬಂದು', 'ಸೇರಿ', 'ಎನಿಸಿ' ಎಂಬಂತಹ ರೂಪಗಳ ನಂತರ ನಿಲ್ಲಬಹುದು. ಇನ್ನೊಬ್ಬರ ಮಾತನ್ನು ಉದ್ಧರಿಸುವಾಗ ವಿರಾಮ 'ಎಂದು' ಎಂಬುದರ ನಂತರ ಬರಬೇಕು, ಮೊದಲು ಬಂದರೆ 'ಎಂದು' ಅನಾಥವಾಗಿ ಮುಂದಿನ ಉಸಿರಿಗೆ ಜಾರುತ್ತದೆ.

ಪರೀಕ್ಷೆ ಸುಲಭ. ಕರ್ತೃಪದದಿಂದ ಕ್ರಿಯಾಪದದವರೆಗೆ ಬೆರಳಿಟ್ಟು ಸಾಗಿ. ಒಂದೇ ಉಸಿರಿನಲ್ಲಿ ಆ ದೂರ ಕ್ರಮಿಸಲಾಗದಿದ್ದರೆ ಓರೆಗೆರೆ ಹಾಕಿ ಪ್ರಯೋಜನವಿಲ್ಲ, ವಾಕ್ಯವನ್ನೇ ಒಡೆಯಬೇಕು. ಮೇಲಿನ ವಾಕ್ಯದಲ್ಲಿ 'ಪ್ರದೇಶಗಳು' ಮತ್ತು 'ಪಡೆದವು' ಎಂಬವುಗಳ ನಡುವೆ 18 ಪದಗಳಿವೆ. ಆ ದೂರದಲ್ಲಿ ಬರೆದವರೇ ದಾರಿ ತಪ್ಪಿದ್ದಾರೆ ಎಂಬುದನ್ನು ಗಮನಿಸಿ: 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದದ್ದು ರಾಜ್ಯ, ಪ್ರದೇಶಗಳಲ್ಲ. ಕಣ್ಣಿನ ಓದಿನಲ್ಲಿ ತಪ್ಪಿಸಿಕೊಂಡಿದ್ದ ಈ ಎಡವಟ್ಟು ಗಟ್ಟಿಯಾಗಿ ಓದಿದೊಡನೆ ಸಿಕ್ಕಿಬಿತ್ತು.

ಒಡೆದು ಜೋಡಿಸಿದ ಮೇಲೆ ಸೂಚನಾ ಹಾಳೆಯಲ್ಲಿ ಆ ಭಾಗ ಹೀಗಾಯಿತು. ಒಂದು ಓರೆಗೆರೆ ಎಂದರೆ ಬರಿಯ ಉಸಿರು. ಎರಡು ಎಂದರೆ 2 ಸೆಕೆಂಡು. ಮೂರು ಎಂದರೆ 4 ಸೆಕೆಂಡು ನಿಂತು ಸಭೆಯನ್ನು ನೋಡುವುದು.

0:25 ಏಕೀಕರಣ
ಕನ್ನಡ ಮಾತನಾಡುವ ಪ್ರದೇಶಗಳು /
ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. //
ಮುಂಬಯಿ ಪ್ರಾಂತ, / ಮದ್ರಾಸು ಪ್ರಾಂತ, /
ಹೈದರಾಬಾದು ಸಂಸ್ಥಾನ, / ಮೈಸೂರು ಸಂಸ್ಥಾನ, / ಕೊಡಗು. //
ಸಾವಿರದ ಒಂಬೈನೂರ ಐವತ್ತಾರು, / ನವೆಂಬರ್ ಒಂದು. //
ಆ ಪ್ರದೇಶಗಳಲ್ಲಿ ಬಹುಪಾಲು / ಒಂದೇ ರಾಜ್ಯದಡಿ ಬಂದವು. //
ಆ ರಾಜ್ಯದ ಹೆಸರು / ಮೈಸೂರು. ///

ಕೊನೆಯ ಮೂರು ಗೆರೆಗಳಿಗೆ ಕಾರಣವಿದೆ. ಆಗಿನ ಹೆಸರು ಮೈಸೂರು ಎಂಬುದು ಸಭೆಯಲ್ಲಿರುವ ಮಕ್ಕಳಿಗೆ ಹೊಸ ಸುದ್ದಿ. ಅದು ಮನಸ್ಸಿಗೆ ಇಳಿದರೆ ಮಾತ್ರ ಹದಿನೇಳು ವರ್ಷಗಳ ನಂತರ, 1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ನಡೆದ ನಾಮಕರಣದ ಸಂಗತಿಗೆ ಅರ್ಥ ಬರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ವಾಕ್ಯ ಚಿಕ್ಕದಾಗುವಾಗ ಸತ್ಯವೂ ಚಿಕ್ಕದಾಗುವ ಅಪಾಯವಿದೆ. ಮೊದಲ ಸಲ ಒಡೆದಾಗ ನಾವು 'ಇವೆಲ್ಲ ಒಂದೇ ರಾಜ್ಯವಾದವು' ಎಂದು ಬರೆದಿದ್ದೆವು. ಕಿವಿಗೆ ಅದು ಇನ್ನೂ ಇಂಪಾಗಿತ್ತು, ಆದರೆ ತಪ್ಪಾಗಿತ್ತು. ಮದ್ರಾಸಿನ ಆಡಳಿತದಲ್ಲಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಹಾಗೆಯೇ ಪ್ರಾಂತ, ಸಂಸ್ಥಾನಗಳ ಪಟ್ಟಿಯನ್ನು 'ಐದು ಆಡಳಿತಗಳು' ಎಂದು ಎಣಿಸಿ ಹೇಳುವ ಆಸೆಯೂ ಬಂದಿತ್ತು. ಸಂಡೂರು, ಜಮಖಂಡಿಯಂತಹ ಚಿಕ್ಕ ಸಂಸ್ಥಾನಗಳು ನೆನಪಾಗಿ 'ಬೇರೆ ಬೇರೆ' ಎಂಬಲ್ಲಿಗೆ ನಿಂತೆವು. 'ಬಹುಪಾಲು', 'ಸುಮಾರು', 'ಮುಂತಾದ' ಎಂಬ ಪದಗಳನ್ನು ಕತ್ತರಿಸುವ ಮೊದಲು ಅವು ಅಲ್ಲಿ ಏಕಿವೆ ಎಂದು ಕೇಳಿಕೊಳ್ಳಿ.

ಲಕ್ಷಣ 3: ನಿಂತಾಗ ಸಭೆ ಅರ್ಥವನ್ನು ತಿರುವುಮುರುವಾಗಿ ಹಿಡಿಯುತ್ತದೆ

ವಿರಾಮಗಳನ್ನು ಗುರುತಿಸಿದ ಮೇಲೆಯೇ ಹುಟ್ಟುವ ದೋಷ ಇದು. ನೀವು ಅಲ್ಲಗಳೆಯಲು ಹೊರಟ ಮಾತಿಗೆ ಸಭೆ ಹೌದೆಂದು ತಲೆಯಾಡಿಸಿದರೆ ಅಥವಾ ಚಪ್ಪಾಳೆ ಬೇಗ ಬಂದು ವಾಕ್ಯದ ಬಾಲವನ್ನು ನುಂಗಿದರೆ, ವಾಕ್ಯದ ನಿರ್ಣಾಯಕ ಪದ ವಿರಾಮದ ಆಚೆ ಉಳಿದಿದೆ ಎಂದರ್ಥ. ಕನ್ನಡದಲ್ಲಿ 'ಇಲ್ಲ', 'ಅಲ್ಲ', 'ಬಾರದು' ಬರುವುದು ಕೊನೆಯಲ್ಲಿ. ಮುಖ್ಯೋಪಾಧ್ಯಾಯಿನಿಯವರ ಹಾಳೆಯಲ್ಲಿ ಹೀಗಿತ್ತು: 'ಕನ್ನಡ ಪುಸ್ತಕ ಓದುವ ಮಕ್ಕಳು ಕಡಿಮೆಯಾಗಿದ್ದಾರೆ // ಎಂಬ ಮಾತನ್ನು ನಾನು ಒಪ್ಪುವುದಿಲ್ಲ.' ಅಭ್ಯಾಸಕ್ಕೆ ಕೇಳುಗರಾಗಿ ಕುಳಿತಿದ್ದ ಇಬ್ಬರು ಶಿಕ್ಷಕರು ಆ ಎರಡು ಸೆಕೆಂಡಿನಲ್ಲಿ ಒಬ್ಬರನ್ನೊಬ್ಬರು ನೋಡಿ 'ಹೌದೌದು' ಎಂದುಬಿಟ್ಟರು.

ಸುಲಭದ ಪರಿಹಾರವೆಂದರೆ ಆ ಗೆರೆಗಳನ್ನು ಅಳಿಸಿ ಒಂದೇ ಉಸಿರಿನಲ್ಲಿ ಹೇಳುವುದು. ಆದರೆ ಆಗ ಒತ್ತು ಹೋಗುತ್ತದೆ. ಕ್ರಮವನ್ನೇ ಬದಲಿಸಿದರೆ ಎರಡೂ ಉಳಿಯುತ್ತವೆ: 'ಒಂದು ಮಾತನ್ನು / ನಾನು ಒಪ್ಪುವುದಿಲ್ಲ. // ಕನ್ನಡ ಓದುವ ಮಕ್ಕಳು ಕಡಿಮೆಯಾಗಿದ್ದಾರೆ ಎಂಬ ಮಾತು ಅದು.' ನಿಲುವು ಮೊದಲೇ ತಿಳಿದಿರುವುದರಿಂದ ಎಲ್ಲಿ ನಿಂತರೂ ಅಪಾರ್ಥಕ್ಕೆ ಎಡೆಯಿಲ್ಲ.

ಇದಕ್ಕೆ ವಿರುದ್ಧವಾದ ಗುರುತೂ ಒಂದಿದೆ. ನೀವು ಬೇಕೆಂದೇ ನಿಂತಾಗ ಮುಂದಿನ ಸಾಲಿನವರು ಆತಂಕದಿಂದ ನೋಡಿದರೆ, ಮರೆತುಹೋಯಿತೇನೋ ಎಂದು ಅವರಿಗೆ ಅನ್ನಿಸಿದೆ. ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಹಾಳೆಯ ಮೇಲಿತ್ತೇ, ಸಭೆಯ ಮೇಲಿತ್ತೇ ಎಂಬುದನ್ನು ಮೊದಲು ನೋಡಿ. ಹಾಳೆಯನ್ನು ನೋಡುತ್ತ ಸುಮ್ಮನಿದ್ದರೆ ಹುಡುಕಾಟದಂತೆ ಕಾಣುತ್ತದೆ. ಉದ್ದದ ವಿರಾಮವಿರುವಲ್ಲೆಲ್ಲ ಅಂಚಿನಲ್ಲಿ 'ತಲೆ ಎತ್ತು' ಎಂದು ಬರೆದುಕೊಂಡರೆ ಸಾಕು. ಉದ್ದದ ವಿರಾಮಗಳು ಹೆಚ್ಚಾದರೂ ಸಭೆಗೆ ಬೇಸರವಾಗುತ್ತದೆ. ಈ ಐದು ನಿಮಿಷದ ಭಾಷಣದಲ್ಲಿ ನಾವು 4 ಸೆಕೆಂಡಿನವು ಮೂರನ್ನೂ 2 ಸೆಕೆಂಡಿನವು ಹದಿನಾಲ್ಕನ್ನೂ ಮಾತ್ರ ಇಟ್ಟುಕೊಂಡೆವು. ಒಟ್ಟು 40 ಸೆಕೆಂಡು. ಬರಿಯ ಉಸಿರಿನ ಗೆರೆಗಳನ್ನು ಬೇರೆಯಾಗಿ ಲೆಕ್ಕ ಹಾಕಲಿಲ್ಲ, ಏಕೆಂದರೆ ನಿಮಿಷಕ್ಕೆ 78 ಎಂಬ ವೇಗದಲ್ಲೇ ಅವು ಸೇರಿಕೊಂಡಿವೆ.

ಲಕ್ಷಣ 4: ತಲೆಯೆತ್ತಿ ಮತ್ತೆ ಹಾಳೆ ನೋಡಿದಾಗ ಸಾಲು ಸಿಗುವುದಿಲ್ಲ

ಇಲ್ಲಿ ಮಾತಿನ ತಪ್ಪೇನೂ ಇಲ್ಲ, ಅಚ್ಚು ಹಾಕಿದ ರೀತಿಯದ್ದು. ಮುದ್ರಿಸಿದ ಹಾಳೆಯನ್ನು ಕೈಯಳತೆಯ ದೂರದಲ್ಲಿ ಹಿಡಿದು ಕಣ್ಣು ಮುಚ್ಚಿ ತೆರೆಯಿರಿ. ಓದುತ್ತಿದ್ದ ಜಾಗ ಕೂಡಲೇ ಸಿಗದಿದ್ದರೆ ಅಕ್ಷರವನ್ನು 18 ಅಥವಾ 20 ಪಾಯಿಂಟಿಗೆ ಹಿಗ್ಗಿಸಿ. ಕನ್ನಡಕ್ಕೆ ಅದಕ್ಕಿಂತಲೂ ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ. 'ರಾಷ್ಟ್ರ', 'ವೈಶಿಷ್ಟ್ಯ' ಮುಂತಾದ ಪದಗಳ ಒತ್ತಕ್ಷರಗಳು ಕೆಳಗೆ ಇಳಿದು, ಕೆಳಸಾಲಿನ ಗುಡಿಸುಗಳಿಗೆ ಹೆಚ್ಚುಕಡಿಮೆ ತಾಗುತ್ತವೆ. ಅಂತರವನ್ನು ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ.

ಒಂದು ಸಾಲಿನಲ್ಲಿ ಒಂದು ಉಸಿರಿನಷ್ಟು ಮಾತು ಮಾತ್ರ ಇರಲಿ. ಸಾಲಿನ ತುದಿಯಲ್ಲಿ ಪದ ತುಂಡಾಗುವುದು, ಎರಡೂ ಅಂಚು ಸಮವಾಗುವಂತೆ ಪದಗಳನ್ನು ಎಳೆಯುವುದು ಬೇಡ. ಹಾಳೆಯ ಕೆಳಗಿನ ಮೂರನೆಯ ಒಂದು ಭಾಗವನ್ನು ಖಾಲಿ ಬಿಟ್ಟರೆ ಮುಖ ಎದೆಯತ್ತ ಬಗ್ಗದೆ ದನಿ ಮೈಕಿಗೆ ನೇರವಾಗಿ ತಲುಪುತ್ತದೆ. ಯಾವ ವಾಕ್ಯವೂ ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟಬಾರದು. ಹಾಳೆಯ ಒಂದೇ ಬದಿಗೆ ಮುದ್ರಿಸಿ, ದೊಡ್ಡದಾಗಿ ಪುಟಸಂಖ್ಯೆ ಹಾಕಿ, ಪಿನ್ ಹೊಡೆಯದೆ ಬಿಡಿಯಾಗಿಡಿ. ಬಯಲು ವೇದಿಕೆಯಾದರೆ ಗಾಳಿಗೆ ಹಾರದಂತೆ ರಟ್ಟಿನ ಪ್ಯಾಡ್ ಒಯ್ಯಿರಿ. ಮೊಬೈಲಿನಲ್ಲೇ ಓದುತ್ತೇನೆ ಎನ್ನುವವರಿಗೆ ನನ್ನ ವಿರೋಧವಿಲ್ಲ, ಆದರೆ ಪರದೆ ತಾನಾಗಿ ಆರುವುದನ್ನು ತಡೆದು, ಕರೆಗಳನ್ನು ನಿಲ್ಲಿಸಿ, ಜೇಬಿನಲ್ಲಿ ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಲಿ.

ಲಕ್ಷಣ 5: ಹಾಳೆ ಚುಟುಕಾಗಿದೆ, ಮಾತು ತಡವರಿಸುತ್ತದೆ

ಕೆಲವರು ಪ್ಯಾರಾವನ್ನು ಒಡೆಯುವ ಉತ್ಸಾಹದಲ್ಲಿ 'ಶಾಲೆ, ಗ್ರಂಥಾಲಯ, ಮಕ್ಕಳು' ಎಂಬ ಮೂರು ಪದಕ್ಕೆ ಇಳಿಸಿಬಿಡುತ್ತಾರೆ. ಅಭ್ಯಾಸದಲ್ಲಿ ಪ್ರತಿ ಸಲವೂ ಅದೇ ಜಾಗದಲ್ಲಿ 'ಅಂದರೆ', 'ಹಾಗಾಗಿ', 'ಏನಂದರೆ' ಎಂಬ ಪದಗಳು ಒತ್ತೊತ್ತಾಗಿ ಬಂದರೆ ಅಲ್ಲಿ ಹಾಳೆ ಸಾಲದಾಗಿದೆ. ಮೊದಲ ವಾಕ್ಯ, ಕೊನೆಯ ವಾಕ್ಯ, ಹೆಸರುಗಳು, ಇಸವಿಗಳು, ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ವಾಕ್ಯಗಳು ಪೂರ್ತಿಯಾಗಿಯೇ ಇರಬೇಕು. ನಿಮ್ಮ ಸ್ವಂತ ಅನುಭವದ ಭಾಗಕ್ಕೆ ಮಾತ್ರ ಬಿಡಿಪದಗಳು ಸಾಕಾಗುತ್ತವೆ.

ಲಕ್ಷಣ 6: ಹಾಳೆ ಸರಿಯಿದ್ದರೂ ನಡುವೆ ಸಮಯ ಜಾರುತ್ತದೆ

ಚಪ್ಪಾಳೆ, ಮೈಕಿನ ಕಿರುಚಾಟ, ತಡವಾಗಿ ಬಂದ ಗಣ್ಯರಿಗೆ ದಾರಿ ಬಿಡುವುದು ಇವನ್ನೆಲ್ಲ ಮೊದಲೇ ಅಳೆಯಲಾಗದು. ಅದಕ್ಕಾಗಿಯೇ ಹಾಳೆಯ ಅಂಚಿನಲ್ಲಿ ಪ್ರತಿ ಭಾಗ ಆರಂಭವಾಗುವ ಹೊತ್ತನ್ನು ಬರೆಯಬೇಕು. ಈ ಭಾಷಣದಲ್ಲಿ ಸಂಬೋಧನೆ 0:00, ಏಕೀಕರಣ 0:25, ಹೆಸರಿನ ಸಂಗತಿ 1:40, ಗ್ರಂಥಾಲಯ 2:40, ಮುಕ್ತಾಯ 4:10 ಎಂದಿತ್ತು. ಮಾತು 4:40ಕ್ಕೆ ಮುಗಿದು 20 ಸೆಕೆಂಡು ಕೈಯಲ್ಲಿ ಉಳಿಯುವ ಲೆಕ್ಕ. ಭಾಗವೊಂದು ಎಷ್ಟು ಸೆಕೆಂಡು ಎಂದು ಬರೆದರೆ ವೇದಿಕೆಯಲ್ಲಿ ಕೂಡಿ ಕಳೆಯಬೇಕಾಗುತ್ತದೆ. ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಬರೆದರೆ ಕೈಗಡಿಯಾರದತ್ತ ಒಂದು ನೋಟ ಸಾಕು.

ತಡವಾದಾಗ ಏನನ್ನು ಬಿಡಬೇಕೆಂಬುದನ್ನೂ ಮನೆಯಲ್ಲೇ ತೀರ್ಮಾನಿಸಿ. ಗ್ರಂಥಾಲಯದ ಭಾಗದಲ್ಲಿ ಪುಸ್ತಕ ದಾನದ ವಿವರವಿದ್ದ 40 ಪದಗಳನ್ನು ಚೌಕದೊಳಗೆ ಹಾಕಿ '3:00 ದಾಟಿದ್ದರೆ ಬಿಡು' ಎಂದು ಬರೆದೆವು. ಅದು ಸುಮಾರು 30 ಸೆಕೆಂಡು ಉಳಿಸುತ್ತದೆ. ಚೌಕದ ಹಿಂದಿನ ವಾಕ್ಯವೂ ಮುಂದಿನ ವಾಕ್ಯವೂ ನೇರವಾಗಿ ಕೂಡಿಕೊಳ್ಳುತ್ತವೆಯೇ ಎಂದು ಚೌಕವನ್ನು ಬಿಟ್ಟೂ ಒಮ್ಮೆ ಓದಿ ನೋಡಬೇಕು. ನಮ್ಮ ಹಾಳೆಯಲ್ಲಿ ಮುಂದಿನ ವಾಕ್ಯ 'ಆ ದಾನಿಗಳಿಗೆ' ಎಂದು ಆರಂಭವಾಗುತ್ತಿತ್ತು. ಚೌಕ ಬಿಟ್ಟರೆ ಯಾವ ದಾನಿಗಳು ಎಂಬುದೇ ತಿಳಿಯುತ್ತಿರಲಿಲ್ಲ. 'ಗ್ರಂಥಾಲಯಕ್ಕೆ ನೆರವಾದವರಿಗೆ' ಎಂದು ತಿದ್ದಿದ ಮೇಲೆ ಸರಿಹೋಯಿತು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಎರಡು ಸಲ ಕತ್ತರಿಸಿದ ಮೇಲೂ ಸಮಯ ಒಂದು ನಿಮಿಷಕ್ಕಿಂತ ಹೆಚ್ಚು ಮೀರುತ್ತಿದ್ದರೆ ಹಾಳೆಯನ್ನು ಇನ್ನಷ್ಟು ಹಿಂಡುವುದನ್ನು ಬಿಟ್ಟು ಕಾರ್ಯಕ್ರಮ ನಡೆಸುವವರೊಂದಿಗೆ ಸಮಯದ ಬಗ್ಗೆ ಮಾತನಾಡಿ. ಇಲಾಖೆಯ ಪರವಾಗಿ ಓದುವ ಸಂದೇಶ, ಪ್ರತಿಜ್ಞಾವಿಧಿ, ಕಾನೂನಿಗೆ ಸಂಬಂಧಿಸಿದ ಹೇಳಿಕೆ ಇವುಗಳ ಒಂದು ಪದವನ್ನೂ ಸ್ವಂತ ತೀರ್ಮಾನದಿಂದ ಬದಲಿಸಬಾರದು. ಅಲ್ಲಿ ನಿಮಗಿರುವುದು ಸಾಲು ಮುರಿಯುವ ಮತ್ತು ವಿರಾಮ ಗುರುತಿಸುವ ಸ್ವಾತಂತ್ರ್ಯ ಮಾತ್ರ.

ಓದುವಾಗ ತಲೆ ಸುತ್ತಿದರೆ ಅಥವಾ ಗಂಟಲು ನೋಯತೊಡಗಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಕುಳಿತುಕೊಳ್ಳಿ. ದನಿ ಒಡೆದಿರುವುದು ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಉಗ್ಗಿನ ತೊಂದರೆಯಿರುವವರಿಗೆ ಓರೆಗೆರೆಗಳಿಂದ ಅಲ್ಪಸ್ವಲ್ಪ ಅನುಕೂಲವಾದೀತೇ ಹೊರತು ಅದು ಚಿಕಿತ್ಸೆಯಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ವಾಕ್ ಚಿಕಿತ್ಸಕರು ಸಿಗುತ್ತಾರೆ. ಮೈಕು ಕಿರುಚಿದರೆ ವೈರನ್ನು ನೀವೇ ಎಳೆದು ಸರಿಪಡಿಸಲು ಹೋಗಬೇಡಿ, ಬೆಳಗಿನ ಇಬ್ಬನಿಗೆ ನೆಲ ಒದ್ದೆಯಿರುವ ಬಯಲು ವೇದಿಕೆಯಲ್ಲಂತೂ ಧ್ವನಿವರ್ಧಕದವರನ್ನೇ ಕರೆಯಿರಿ.

ಕಾರ್ಯಕ್ರಮದ ಹಿಂದಿನ ಸಂಜೆಯ ನಂತರ ಹಾಳೆಯಲ್ಲಿ ಏನನ್ನೂ ಸೇರಿಸಬಾರದು, ಅಧ್ಯಕ್ಷರ ಅಥವಾ ಮುಖ್ಯ ಅತಿಥಿಗಳ ಹೆಸರು ಬದಲಾದ ಹೊರತು. ಮುಖ್ಯೋಪಾಧ್ಯಾಯಿನಿಯವರಿಗೆ ಆಗಿದ್ದೂ ಅದೇ: ಬೆಳಿಗ್ಗೆ ಮುಖ್ಯ ಅತಿಥಿಗಳು ಬದಲಾದರು. ಅವರು ಹೊಸ ಹೆಸರನ್ನು ಅಚ್ಚಿನ ಮೇಲೆ ಗೀಚದೆ, ಬಿಳಿ ಚೀಟಿಯಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆದು ಹಳೆಯ ಹೆಸರಿನ ಮೇಲೆ ಅಂಟಿಸಿಕೊಂಡರು. ಗ್ರಂಥಾಲಯದ ಭಾಗಕ್ಕೆ ಬರುವಾಗ ಗಡಿಯಾರ 3:05 ತೋರಿಸುತ್ತಿತ್ತು. ಚೌಕವನ್ನು ಬಿಟ್ಟರು, 4:35ಕ್ಕೆ ಕುಳಿತರು.